ಬೆಳಿಗ್ಗೆ ಆನ್ ಮಾಡಿದರೆ Fan error

“ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಗೆ ಘಟಕ. ಲೆಕ್ಕದ ಲ್ಯಾಪ್‌ಟಾಪ್ ಬೆಳಿಗ್ಗೆ Fan error ಎಂದು ತೋರಿಸಿ ಆಫ್ ಆಗುತ್ತದೆ. ಹೊರಗಿನಿಂದ ಬ್ಲೋವರ್ ಹೊಡೆದರೂ ಹೋಗಲಿಲ್ಲ. ಶಾಖದ ಸೆನ್ಸರ್ ಕೆಟ್ಟಿದೆಯೇ?”

ಅದರ ಮೇಲೆ ಅನುಮಾನ ಬೇಡ ಸರ್. ಶಾಖದ ಸೆನ್ಸರ್‌ನ ದೋಷವಾಗಿದ್ದರೆ ಸಂದೇಶವೇ ಬೇರೆ ಇರುತ್ತಿತ್ತು. ಆನ್ ಆದ ಕೂಡಲೇ ಯಂತ್ರ ಫ್ಯಾನ್ ತಿರುಗಿಸಿ ನೋಡುತ್ತದೆ. ಫ್ಯಾನ್‌ನಿಂದ ಬರುವ ಒಂದು ತೆಳು ತಂತಿ ಪ್ರತಿ ಸುತ್ತಿಗೂ ಮಿಡಿತ ಕಳಿಸಬೇಕು. ಮಿಡಿತ ಬಾರದಿದ್ದರೆ ಈ ಸಂದೇಶ.

ನಿಮ್ಮಲ್ಲಿ ಅದಿರಿನ ಧೂಳಿನ ಜೊತೆ ಡೆನಿಮ್ ನಾರೂ ಹಾರುತ್ತದೆ. ಅದು ಫ್ಯಾನ್ ಮತ್ತು ಶಾಖ ಹೊರಹಾಕುವ ತಗಡಿನ ಪಟ್ಟಿಗಳ ನಡುವೆ ನೀಲಿ ಕಂಬಳಿಯಂತೆ ಕೂರುತ್ತದೆ. ಹೊರಗಿನಿಂದ ಗಾಳಿ ಹೊಡೆದರೆ ಆ ನಾರು ರೆಕ್ಕೆಗಳತ್ತಲೇ ಸರಿದು ಸಿಕ್ಕಿಕೊಳ್ಳುತ್ತದೆ.

ಚಾರ್ಜರ್ ತೆಗೆದು ಕೆಳಗಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ಫ್ಯಾನ್‌ನ ಮುಚ್ಚಳ ತೆಗೆದು ನಾರನ್ನು ಚಿಮಟದಿಂದ ಎಳೆಯಿರಿ. ಆಮೇಲೆ ಮೆತ್ತನೆಯ ಬ್ರಷ್ ಸಾಕು. ಗಾಳಿ ಹೊಡೆಯಲೇಬೇಕಿದ್ದರೆ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲವಾದರೆ ಬೇರಿಂಗ್ ಹಾಳು. ಈಗ ರೆಕ್ಕೆಯನ್ನು ಮೆಲ್ಲಗೆ ತಳ್ಳಿ. ಬಿಗಿಯಾಗಿ ನಿಂತರೆ ಬೇರಿಂಗ್ ಹೋಗಿದೆ. ಸಲೀಸಾಗಿ ತಿರುಗಿದರೆ ಫ್ಯಾನ್ ಕನೆಕ್ಟರನ್ನು ಒಮ್ಮೆ ಬಿಚ್ಚಿ ಒತ್ತಿ ಹಾಕಿ. ಆನ್ ಮಾಡಿದಾಗ ತಿರುಗಿಯೂ ಅದೇ ಸಂದೇಶ ಬಂದರೆ ಮಿಡಿತದ ಭಾಗ ಕೆಟ್ಟಿರುವ ಸಂಭವವೇ ಹೆಚ್ಚು. ಎಣ್ಣೆ ಬಿಡಲು ಹೋಗದೆ, ಅದೇ ಮಾಡೆಲ್‌ನ ಫ್ಯಾನ್ ತಂದು ಹಾಕಿಸಿ.