ಮೇಣದಬತ್ತಿ ಎಷ್ಟು ತಾಸು ಉರಿಯುತ್ತದೆ ಎಂದು ಬರೆಯುವ ಮೊದಲು ತೂಗಿ ನೋಡಿ

ಪ್ರಶ್ನೆ: ಮನೆಯಲ್ಲೇ ಸೋಯಾ ಮೇಣದ ಪರಿಮಳದ ಬತ್ತಿ ಮಾಡಿ ಗಾಜಿನ ಗ್ಲಾಸಿನಲ್ಲಿ ಮಾರಲು ಶುರು ಮಾಡಿದ್ದೇನೆ. ಎಷ್ಟು ಗಂಟೆ ಉರಿಯುತ್ತೆ, ಪರಿಮಳ ಹೇಗಿದೆ ಅಂತ ಆಕರ್ಷಕವಾಗಿ ಬರೆಯೋದು ಹೇಗೆ? ಎಚ್ಚರಿಕೆಗಳನ್ನೂ ಹಾಕಿದರೆ ಜನ ಹೆದರಿ ಕೊಳ್ಳದೇ ಹೋಗ್ತಾರಾ?

ನನ್ನ ಮೊದಲ ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ "45 ತಾಸು ಉರಿಯುತ್ತದೆ" ಎಂದಿತ್ತು. ಎಚ್ಚರಿಕೆಯ ಸಾಲು ಒಂದೂ ಇರಲಿಲ್ಲ. ನಿಮಗಿರುವ ಹೆದರಿಕೆಯೇ ನನಗೂ ಇತ್ತು.

ನಾನು ಧಾರವಾಡದವಳು. ಆ ವರ್ಷ ದೀಪಾವಳಿಗೆ ಹುಬ್ಬಳ್ಳಿಯಲ್ಲಿ ಒಂದು ಪ್ರದರ್ಶನ ಮಾರಾಟದಲ್ಲಿ ಟೇಬಲ್ ಹಾಕಿದ್ದೆ. ಅರವತ್ತು ಗ್ಲಾಸು ಒಯ್ದಿದ್ದೆ, ಸಂಜೆಯೊಳಗೆ ಎಲ್ಲ ಖಾಲಿ. ತಿಂಗಳ ಮೇಲೆ ಅಲ್ಲಿನ ವಿದ್ಯಾನಗರದಿಂದ ಒಬ್ಬ ಹಿರಿಯರು ಫೋನ್ ಮಾಡಿದರು.

"ಅಕ್ಕಾ, ನಿಮ್ಮ ಗ್ಲಾಸು ಸಿಡದು ಎರಡಾತ್ರಿ. ಮೇಣ ಎಲ್ಲಾ ಸೋರಿ ಟೀವಿ ಸ್ಟ್ಯಾಂಡ್ ಸುಟ್ಟೈತಿ. ನೀವ ಬರದೀರಲ್ಲ, ನಲವತ್ತೈದು ತಾಸು ಅಂತ? ನಾ ಕ್ಯಾಲೆಂಡರ್ ಮ್ಯಾಲೆ ಗೆರಿ ಹಾಕ್ಕೋತ ಬಂದೀನಿ. ಇನ್ನೂ ಇಪ್ಪತ್ತೇಳ ಆಗ್ಯಾವ."

ಮರುದಿನವೇ ಹೋದೆ. ಸಾಗವಾನಿ ಸ್ಟ್ಯಾಂಡಿನ ಮೇಲೆ ಅಂಗೈಯಷ್ಟು ಅಗಲದ ಕರಿ ಕಲೆ. ಗ್ಲಾಸಿನ ತಳ ಬೇರೆ, ಗೋಡೆ ಬೇರೆ ಆಗಿ ಬಿದ್ದಿತ್ತು. ಅವರು ಅದೇ ಕೋಣೆಯಲ್ಲಿ ಕೂತಿದ್ದರಿಂದ ಕೂಡಲೇ ಒದ್ದೆ ಅರಿವೆ ಹೊದಿಸಿ ಆರಿಸಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಬಡಗಿಯನ್ನು ಕರೆಸಿ ಪಾಲಿಶ್ ಮಾಡಿಸಿಕೊಟ್ಟೆ. ಆದರೆ ಅವರು ಹೇಳಿದ ಒಂದು ಮಾತು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ: "ತಳಕ್ಕ ಹತ್ತೇತಿ ಅಂತ ಕಾಣ್ತಿತ್ತರಿ. ಆದ್ರ ಇನ್ನೂ ಹದಿನೆಂಟು ತಾಸು ಬಾಕಿ ಐತಲ್ಲ ಅಂತ ಬಿಟ್ಟೆ."

ಅಂದರೆ ಅವರ ತಪ್ಪು ಏನೂ ಇಲ್ಲ. ನಾನು ಬರೆದದ್ದನ್ನು ನಂಬಿದರು, ಅಷ್ಟೇ. ಆ 45 ಎಲ್ಲಿಂದ ಬಂತು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಹೀಗೆಯೇ ಲೆಕ್ಕ ಹಾಕಿರುತ್ತೀರಿ ಎಂದು ನನಗೆ ಅನ್ನಿಸುತ್ತಿದೆ.

ಗ್ಲಾಸಿನಲ್ಲಿ ಇದ್ದದ್ದು 180 ಗ್ರಾಂ ಮೇಣ. ಬತ್ತಿಯ ಜೊತೆ ಬಂದ ಚೀಟಿಯಲ್ಲಿ "ತಾಸಿಗೆ 4 ಗ್ರಾಂ ಉರಿಯುತ್ತದೆ" ಎಂದಿತ್ತು. 180ನ್ನು 4ರಿಂದ ಭಾಗಿಸಿದೆ, 45 ಬಂತು. ಗಣಿತ ಸರಿಯಾಗಿಯೇ ಇತ್ತು. ತಪ್ಪಿದ್ದು ಭಾಗಿಸಿದ ಎರಡೂ ಸಂಖ್ಯೆಗಳಲ್ಲಿ.

ಮೊದಲು ಆ 4. ಅದು ಚೀಟಿ ಬರೆದವರ ಗ್ಲಾಸಿನದು, ಅವರ ಮೇಣದ್ದು. ನನ್ನ ಗ್ಲಾಸಿನ ಒಳ ಅಗಲ 7 ಸೆಂಟಿಮೀಟರ್. ಶುರುವಿನಲ್ಲಿ ಅದರಲ್ಲಿ ಮೇಣ ನಡುವೆ ಮಾತ್ರ ಕರಗಿ ಬಾವಿಯಂತೆ ತೂತು ಬೀಳುತ್ತಿತ್ತು. ಅದನ್ನು ಸರಿಪಡಿಸಲು ಇನ್ನೂ ದಪ್ಪ ಬತ್ತಿ ಹಾಕಿದೆ. ಬತ್ತಿ ದಪ್ಪವಾದರೆ ಜ್ವಾಲೆ ದೊಡ್ಡದಾಗುತ್ತದೆ, ಮೇಣವೂ ಬೇಗ ಮುಗಿಯುತ್ತದೆ. ಬತ್ತಿ ಬದಲಿಸಿದೆ, ಲೇಬಲ್ ಮೇಲಿನ ಸಂಖ್ಯೆ ಬದಲಿಸಲಿಲ್ಲ. ನೋಡಿ, ಇಡೀ ಅನಾಹುತ ಇಷ್ಟರಲ್ಲೇ ಇದೆ. ಬತ್ತಿ, ಗ್ಲಾಸು, ಮೇಣ, ಸುಗಂಧದ ಎಣ್ಣೆ ಈ ನಾಲ್ಕರಲ್ಲಿ ಒಂದು ಬದಲಾದರೂ ಹಳೆಯ ಸಂಖ್ಯೆ ಸತ್ತಂತೆ.

ಆಮೇಲೆ ಆ 180. ಮೇಣವನ್ನು ಕೊನೆಯ ಹನಿಯ ತನಕ ಉರಿಸಬಾರದು. ತಳದಲ್ಲಿ ಸುಮಾರು 1 ಸೆಂಟಿಮೀಟರ್ ಉಳಿದಾಗ ನಿಲ್ಲಿಸಬೇಕು. ಮೇಲೆ ಮೇಣ ಇರುವವರೆಗೆ ಜ್ವಾಲೆಯ ಶಾಖವನ್ನು ಅದು ತಡೆಯುತ್ತದೆ. ಮೇಣ ತೆಳುವಾದ ಮೇಲೆ ಬತ್ತಿಯ ಬುಡದಲ್ಲಿರುವ ತಗಡಿನ ಬಿಲ್ಲೆ ಕಾಯುತ್ತದೆ, ಅದು ಗಾಜಿನ ತಳವನ್ನು ಒಂದೇ ಜಾಗದಲ್ಲಿ ಕಾಯಿಸುತ್ತದೆ. ಒಂದು ಕಡೆ ಬಿಸಿ, ಪಕ್ಕದಲ್ಲಿ ತಣ್ಣಗೆ ಇದ್ದರೆ ಗಾಜು ಸಿಡಿಯುತ್ತದೆ. ನನ್ನ ಗ್ಲಾಸಿನಲ್ಲಿ ಆ 1 ಸೆಂಟಿಮೀಟರ್ ಎಂದರೆ ಹತ್ತಿರಹತ್ತಿರ 35 ಗ್ರಾಂ. ಹಾಗಾಗಿ ಉರಿಸಲು ಸಿಗುವುದು 145 ಗ್ರಾಂ ಮಾತ್ರ, 180 ಅಲ್ಲ.

ಹುಬ್ಬಳ್ಳಿಯಿಂದ ತಿರುಗಿ ಬಂದ ರಾತ್ರಿ ಅದೇ ಕಂತಿನಲ್ಲಿ ಉಳಿದಿದ್ದ ಒಂದು ಗ್ಲಾಸನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಗಾಜು ಸೇರಿ 390 ಗ್ರಾಂ. ಬತ್ತಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿ ಹೊತ್ತಿಸಿದೆ. ಫ್ಯಾನ್ ಇಲ್ಲ, ಕಿಟಕಿ ಮುಚ್ಚಿತ್ತು. ನಾಲ್ಕು ತಾಸಿಗೆ ಆರಿಸಿ, ಪೂರ್ತಿ ಆರಿದ ಮೇಲೆ ತೂಗಿದೆ: 372. ಮರುದಿನ ಮತ್ತೆ ಬತ್ತಿ ಕತ್ತರಿಸಿ ನಾಲ್ಕು ತಾಸು: 349. ಮೂರನೆಯ ಸಲ 324, ಆಮೇಲೆ 299, 273, 247. ಅಲ್ಲಿಗೆ ತಳದಲ್ಲಿ ಒಂದು ಬೆರಳಿನ ಅಗಲದಷ್ಟು ಮೇಣ ಉಳಿದಿತ್ತು, ನಿಲ್ಲಿಸಿದೆ. ಆರು ಸಲ, ಸಲಕ್ಕೆ ನಾಲ್ಕು ತಾಸು. ಒಟ್ಟು 24.

45 ಎಂದು ಬರೆದ ಮೇಣದಬತ್ತಿ ಸುರಕ್ಷಿತವಾಗಿ ಉರಿಯುವುದು 24 ತಾಸು.

ಆ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಮೊದಲ ನಾಲ್ಕು ತಾಸಿನಲ್ಲಿ ಹೋದದ್ದು 18 ಗ್ರಾಂ, ಕೊನೆಯ ನಾಲ್ಕರಲ್ಲಿ 26. ಶುರುವಿನಲ್ಲಿ ಗಾಜು, ಮೇಣ ಎರಡೂ ತಣ್ಣಗಿರುತ್ತವೆ, ಕರಗಿದ ಮೇಣದ ಕೊಳ ಅಂಚು ಮುಟ್ಟಲು ಹೊತ್ತು ಹಿಡಿಯುತ್ತದೆ. ಕೆಳಗಿಳಿದಂತೆ ಗ್ಲಾಸಿನೊಳಗೇ ಶಾಖ ನಿಂತು ಉರಿ ಚುರುಕಾಗುತ್ತದೆ. ಬಹಳ ಮಂದಿ ಒಂದೇ ಸಲ ನಾಲ್ಕು ತಾಸು ಉರಿಸಿ, ತೂಗಿ, ಅದನ್ನೇ ಗುಣಿಸಿಬಿಡುತ್ತಾರೆ. ನಾನೂ ಹಾಗೆ ಮಾಡಿದ್ದರೆ ತಾಸಿಗೆ 4.5 ಗ್ರಾಂ ಎಂದು 32 ತಾಸು ಬರೆಯುತ್ತಿದ್ದೆ, ಅದೂ ತಪ್ಪೇ. ಕಡೆತನಕ ಉರಿಸಿ ನೋಡದೆ ಬರೆಯಬೇಡಿ. ಅದಕ್ಕೆ ಒಂದು ಗ್ಲಾಸು ಖರ್ಚಾಗುತ್ತದೆ, ಆರು ದಿನ ಹಿಡಿಯುತ್ತದೆ. ಆಗಲಿ.

ಮತ್ತೆ ಆ ಹಿರಿಯರ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಹುಬ್ಬಳ್ಳಿಯಲ್ಲಿ ಯಾರು ಫ್ಯಾನ್ ಬಂದ್ ಮಾಡಿ ಕೂಡುತ್ತಾರೆ? ಗಾಳಿಗೆ ಜ್ವಾಲೆ ಒಂದೇ ಕಡೆ ವಾಲುತ್ತದೆ, ಆ ಕಡೆಯ ಗಾಜು ಹೆಚ್ಚು ಕಾಯುತ್ತದೆ, ಮೇಲಂಚಿಗೆ ಮಸಿ ಹಿಡಿಯುತ್ತದೆ, ಮೇಣ ಇನ್ನೂ ಬೇಗ ಮುಗಿಯುತ್ತದೆ. ಅವರ ಗ್ಲಾಸಿನ ಒಂದು ಬದಿ ಪೂರ್ತಿ ಕಪ್ಪಾಗಿತ್ತು. ನೋಡಿದ ಕೂಡಲೇ ಗೊತ್ತಾಗುವಂಥ ಗುರುತು.

ಆಕರ್ಷಕವಾಗಿ ಬರೆಯುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉರಿಯುವ ಹೊತ್ತು ಬರವಣಿಗೆಯ ವಿಷಯವಲ್ಲ, ತಕ್ಕಡಿಯ ವಿಷಯ. ಎಚ್ಚರಿಕೆ ಎಂಬುದು ಬೇರೆ ವಿಷಯವೂ ಅಲ್ಲ. 24 ತಾಸು ಎಂಬುದು ನಿಜವಾಗುವುದೇ ಬತ್ತಿ ಕತ್ತರಿಸಿದರೆ, ಫ್ಯಾನಿನ ಕೆಳಗೆ ಇಡದಿದ್ದರೆ, ಒಂದು ಬೆರಳು ಮೇಣ ಉಳಿದಾಗ ಆರಿಸಿದರೆ. ಹಾಗಾದರೆ ಆ ಮೂರನ್ನು ಸಂಖ್ಯೆಯ ಪಕ್ಕದಲ್ಲೇ ಬರೆಯಬೇಕು. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಸಾಲದು.

ಆಮೇಲೆ ನಾನು ಬತ್ತಿಯನ್ನು ಒಂದು ಅಳತೆ ಕಡಿಮೆ ಮಾಡಿದೆ. ದಪ್ಪ ಬತ್ತಿಯ ತುದಿಯಲ್ಲಿ ಅಣಬೆಯಂಥ ಕರಿ ಗಂಟು ಕಟ್ಟುತ್ತಿತ್ತು, ಬತ್ತಿ ಹೆಚ್ಚಾಯಿತು ಎಂಬುದಕ್ಕೆ ಅದೇ ಸೂಚನೆ. ನಾನು ಅದನ್ನು ದಿನಾ ನೋಡಿದರೂ ಅರ್ಥ ಮಾಡಿಕೊಂಡಿರಲಿಲ್ಲ. ಈಗಿನ ಬತ್ತಿ ತಾಸಿಗೆ ಸರಾಸರಿ 5 ಗ್ರಾಂ ತೆಗೆದುಕೊಳ್ಳುತ್ತದೆ, ಆದರೂ ಮೂರು ತಾಸಿನಲ್ಲಿ ಕೊಳ ಅಂಚು ಮುಟ್ಟುತ್ತದೆ. ಮತ್ತೆ ಏಳು ದಿನ ತೂಗಿ 28 ತಾಸು ಎಂದು ಬರೆದೆ. ಬುಡದ ಬಿಲ್ಲೆಯನ್ನೂ ಬದಲಿಸಿ, ಉದ್ದ ಕತ್ತಿನದನ್ನು ಹಾಕಿದೆ. ಅದು ಬತ್ತಿಯನ್ನು ತಳದಿಂದ ಎತ್ತಿ ಹಿಡಿಯುತ್ತದೆ, ಮೇಣ ಆ ಕತ್ತಿಗಿಂತ ಕೆಳಗೆ ಇಳಿದ ಮೇಲೆ ಬತ್ತಿಗೆ ಏರಲು ಆಗದೆ ದೀಪ ತಾನಾಗಿ ಆರುತ್ತದೆ. ಲೇಬಲ್ ಓದದವರೂ ಇರುತ್ತಾರಲ್ಲ, ಅವರಿಗಾಗಿ ಇದು.

ಪರಿಮಳದ ಬಗ್ಗೆ ಒಂದೇ ಮಾತು ಹೇಳುತ್ತೇನೆ. ನೀವು ಮುಚ್ಚಳ ತೆಗೆದು ಮೂಸಿ ಬರೆಯುತ್ತಿದ್ದೀರಿ, ಅಲ್ಲವೇ? ತಣ್ಣಗಿರುವಾಗಿನ ವಾಸನೆ ಬೇರೆ, ಉರಿಯುವಾಗಿನದು ಬೇರೆ. ನನ್ನದು ಮಜ್ಜಿಗೆಹುಲ್ಲು, ಮಲ್ಲಿಗೆ, ಲಾವಂಚ ಸೇರಿದ್ದು. ಮುಚ್ಚಳ ತೆಗೆದರೆ ಮೂಗಿಗೆ ಬರುವುದು ಮಜ್ಜಿಗೆಹುಲ್ಲಿನ ನಿಂಬೆಯ ಚುರುಕು, ಏಕೆಂದರೆ ಹಗುರವಾದದ್ದು ಮೊದಲು ಹಾರುತ್ತದೆ. ಹೊತ್ತಿಸಿ ತಾಸು ಕಳೆದ ಮೇಲೆ ಕೋಣೆಯಲ್ಲಿ ನಿಲ್ಲುವುದು ಮಲ್ಲಿಗೆ, ಅದರಡಿಗೆ ಲಾವಂಚದ ಹಸಿಬೇರಿನ ವಾಸನೆ. "ನಿಂಬೆಯ ತಾಜಾತನ" ಎಂದು ಮಾತ್ರ ಬರೆದರೆ ಕೊಂಡವರು ಮನೆಯಲ್ಲಿ ಹಚ್ಚಿ, ಬೇರೆಯದೇ ಕಳಿಸಿದ್ದೀರಿ ಎನ್ನುತ್ತಾರೆ. ಎರಡನ್ನೂ ಬರೆಯಿರಿ. ಮೇಣ ಹೊಯ್ದು ಎರಡು ವಾರ ಮುಚ್ಚಿಟ್ಟು ಆಮೇಲೆ ಮೂಸಿ, ಸೋಯಾದಲ್ಲಿ ಪರಿಮಳ ಕೂಡಿಕೊಳ್ಳಲು ಅಷ್ಟು ಬೇಕು. ನೀವು ಮಾಡುವ ಹೊತ್ತಿಗೆ ನಿಮ್ಮ ಮೂಗು ಆ ವಾಸನೆಗೆ ಹೊಂದಿಕೊಂಡಿರುತ್ತದೆ. ಅದಕ್ಕೆ ನಾನು ಪಕ್ಕದ ಮನೆಯ ವೈನಿಯನ್ನು ಹೊರಗಿಂದ ಒಳಗೆ ಕರೆದು ಕೇಳುತ್ತೇನೆ, ಅವರು ಹೇಳಿದ ಶಬ್ದಗಳನ್ನೇ ಬರೆದುಕೊಳ್ಳುತ್ತೇನೆ. ಸುಗಂಧದ ಎಣ್ಣೆ ಕೃತಕವಾಗಿದ್ದರೆ "ಶ್ರೀಗಂಧದ ಪರಿಮಳ" ಎನ್ನಿ, "ಶುದ್ಧ ಶ್ರೀಗಂಧದೆಣ್ಣೆ" ಎನ್ನಬೇಡಿ.

ಈಗ ನನ್ನ ಗ್ಲಾಸಿನ ಮೇಲಿರುವುದು ಇಷ್ಟು:

"ಮುಚ್ಚಳ ತೆಗೆದಾಗ ಮಜ್ಜಿಗೆಹುಲ್ಲು. ಹಚ್ಚಿ ಒಂದು ತಾಸಿನ ಮೇಲೆ ಮಲ್ಲಿಗೆ, ಕೆಳಗೆ ಲಾವಂಚ. ಹತ್ತಡಿ ಹತ್ತಡಿ ಕೋಣೆಗೆ ಸಾಕು.
180 ಗ್ರಾಂ. 28 ತಾಸು ಉರಿಯುತ್ತದೆ: ಪ್ರತಿ ಸಲ ಬತ್ತಿ 5 ಮಿಲಿಮೀಟರ್‌ಗೆ ಕತ್ತರಿಸಿ, ಫ್ಯಾನ್ ಮತ್ತು ಕಿಟಕಿಯ ಗಾಳಿಯಿಂದ ದೂರವಿಟ್ಟು, ಒಂದು ಸಲಕ್ಕೆ 4 ತಾಸಿಗಿಂತ ಹೆಚ್ಚಾಗದಂತೆ ಉರಿಸಿದರೆ.
ಮೊದಲ ಸಲ ಮೇಣ ಅಂಚಿನ ತನಕ ಕರಗುವವರೆಗೆ ಆರಿಸಬೇಡಿ.
ತಳದಲ್ಲಿ ಒಂದು ಬೆರಳು ಮೇಣ ಉಳಿದಾಗ ನಿಲ್ಲಿಸಿ, ತಾಸು ಎಷ್ಟೇ ಆಗಿರಲಿ.
ಕಲ್ಲು ಅಥವಾ ಸ್ಟೀಲ್ ತಟ್ಟೆಯ ಮೇಲಿಡಿ. ಪರದೆ, ಮಕ್ಕಳು, ಬೆಕ್ಕು ಹತ್ತಿರ ಬೇಡ. ಹಚ್ಚಿಟ್ಟು ಹೊರಗೆ ಹೋಗಬೇಡಿ, ಮಲಗಬೇಡಿ. ನೀರು ಹಾಕಬೇಡಿ, ತಗಡಿನ ಮುಚ್ಚಳ ಮುಚ್ಚಿ ಆರಿಸಿ."

"ತಾಸು ಎಷ್ಟೇ ಆಗಿರಲಿ" ಎಂಬ ಮಾತು ವಿದ್ಯಾನಗರದ ಆ ಕ್ಯಾಲೆಂಡರ್ ನೋಡಿ ಬರೆದದ್ದು.

ಜನ ಹೆದರುತ್ತಾರಾ ಎಂದು ಕೇಳಿದಿರಿ. ನನ್ನ ಟೇಬಲ್ ಮುಂದೆ ನಿಂತವರು ಆ ಸಾಲುಗಳನ್ನು ಓದಿ, "ಒಂದು ಬೆರಳು ಯಾಕ ಬಿಡಬೇಕ್ರಿ?" ಎಂದು ಕೇಳುತ್ತಾರೆ. ಹೇಳುತ್ತೇನೆ. ತಿಳಿದುಕೊಂಡು ಕೊಳ್ಳುತ್ತಾರೆ. ಬರೀ ತಾಸು ನೋಡಿ, 28 ಕಡಿಮೆಯಾಯಿತು ಎಂದು ಪಕ್ಕದ ಟೇಬಲ್ಲಿನ 50 ತಾಸಿನದಕ್ಕೆ ಹೋಗುವವರೂ ಇದ್ದಾರೆ. ಹೋಗಲಿ ಬಿಡಿ, ಆ ಮಾರಾಟ ನನಗೆ ಬೇಡ.

ಇವತ್ತೇ ಒಂದು ಗ್ಲಾಸು ತೂಗಿ ಹಚ್ಚಿ. ಪ್ರತಿ ಸಲದ ತೂಕ, ಗ್ಲಾಸಿನ ಒಳ ಅಗಲ ಮತ್ತು ಬತ್ತಿಯ ತುದಿಯಲ್ಲಿ ಗಂಟು ಕಟ್ಟಿತೋ ಇಲ್ಲವೋ ಎಂಬುದನ್ನು ಈ ಉತ್ತರದ ಕೆಳಗೆ ಬರೆಯಿರಿ. ಎಷ್ಟು ತಾಸು ಎಂದು ಹಾಕಬೇಕು, ಬತ್ತಿ ಬದಲಿಸಬೇಕೋ ಬೇಡವೋ, ಕೂಡಿ ಲೆಕ್ಕ ಹಾಕೋಣ.