ದೂರು ಸಾಬೀತಾದ ಮೇಲೆ ಕೊಡುವ ಎಚ್ಚರಿಕೆ ಪತ್ರವನ್ನು ಹೇಗೆ ಬರೆಯಬೇಕು?

"ನಮ್ಮದು 400 ಜನರಿರುವ ಗಾರ್ಮೆಂಟ್ ಕಾರ್ಖಾನೆ. ಒಬ್ಬ ಲೈನ್ ಸೂಪರ್‌ವೈಸರ್ ಮೇಲೆ ಟೈಲರ್ ಒಬ್ಬರು ಕೊಟ್ಟ ಲೈಂಗಿಕ ಕಿರುಕುಳದ ದೂರು ನಿಜವೆಂದು ಆಂತರಿಕ ಸಮಿತಿ ವರದಿ ಕೊಟ್ಟು, ಲಿಖಿತ ಎಚ್ಚರಿಕೆಗೆ ಶಿಫಾರಸು ಮಾಡಿದೆ. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಏನು ಬರೆಯಲಿ, ಏನು ಬಿಡಲಿ?"

ಗಾರ್ಮೆಂಟ್ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಇಂಥದೇ ಸಂದರ್ಭದಲ್ಲಿ ನಾನು ಬರೆದ ಮೊದಲ ಪತ್ರ ಇಂಗ್ಲಿಷಿನಲ್ಲಿತ್ತು. ನಿಮ್ಮ ವರ್ತನೆ ಸಂಸ್ಥೆಯ ಶಿಸ್ತಿಗೆ ತಕ್ಕುದಾಗಿಲ್ಲ, ಮುಂದೆ ತಿದ್ದಿಕೊಳ್ಳತಕ್ಕದ್ದು ಎಂಬುದಷ್ಟೇ ಅದರ ಸಾರಾಂಶ. ಎಂಟು ತಿಂಗಳ ನಂತರ ಅದೇ ಸೂಪರ್‌ವೈಸರ್ ಮೇಲೆ ಇನ್ನೊಬ್ಬ ಹೆಣ್ಣುಮಗಳು ದೂರು ಕೊಟ್ಟರು. ಹಿಂದೆಯೇ ಎಚ್ಚರಿಕೆ ಕೊಟ್ಟಿತ್ತಲ್ಲವೇ ಎಂದು ವಿಚಾರಣೆಯಲ್ಲಿ ಕೇಳಿದಾಗ ಆತ, "ಪ್ರೊಡಕ್ಷನ್ ಕಮ್ಮಿ ಆಗಿದ್ದಕ್ಕೆ ಕೊಟ್ಟ ಲೆಟರ್ ಅಂದ್ಕೊಂಡಿದ್ದೆ ಸಾರ್" ಎಂದ. ಪತ್ರವನ್ನು ತೆಗೆದು ಓದಿದರೆ ಆ ಮಾತನ್ನು ಅಲ್ಲಗಳೆಯಲು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಎರಡನೆಯ ಹೆಣ್ಣುಮಗಳ ಮುಖ ನನಗೆ ಇಂದಿಗೂ ನೆನಪಿದೆ. ಆದ್ದರಿಂದ ನಿಮ್ಮ ಪತ್ರವನ್ನು ಅವರು ಓದಬಲ್ಲ ಭಾಷೆಯಲ್ಲಿ, ಏನು ತಪ್ಪಾಯಿತೆಂಬುದನ್ನು ಬಿಡಿಸಿ ಬರೆಯಿರಿ.

ಬರೆಯಲು ಕೂರುವ ಮೊದಲು ವರದಿ ನಿಮ್ಮ ಸಂಸ್ಥೆಯ ಕೈಸೇರಿದ ದಿನಾಂಕವನ್ನು ನೋಡಿಕೊಳ್ಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 13ನೇ ಕಲಮಿನ ಪ್ರಕಾರ ಅಂದಿನಿಂದ 60 ದಿನಗಳೊಳಗೆ ಮಾಲೀಕರು ಶಿಫಾರಸಿನಂತೆ ಕ್ರಮ ಕೈಗೊಳ್ಳಬೇಕು. ಸಮಿತಿ ಎಚ್ಚರಿಕೆಯ ಜೊತೆಗೆ ಇಂಕ್ರಿಮೆಂಟ್ ತಡೆಯಲು ಅಥವಾ ಆಪ್ತ ಸಲಹೆಗೆ ಕಳುಹಿಸಲು ಹೇಳಿದ್ದರೆ, ಒಂದನ್ನು ಮಾಡಿ ಇನ್ನೊಂದನ್ನು ಬಿಡುವ ಸ್ವಾತಂತ್ರ್ಯ ನಿಮಗಿಲ್ಲ. ಅದೂ ಪತ್ರದಲ್ಲಿ ಬರಬೇಕು.

ಇನ್ನು ಪತ್ರದ ಒಳಗಿನ ವಿಷಯ. ಹೆಚ್ಚಿನವರು ಎಡವುವುದು ದೂರಿನಲ್ಲಿರುವುದಕ್ಕೂ ಸಮಿತಿ ಸಾಬೀತಾಗಿದೆ ಎಂದದ್ದಕ್ಕೂ ನಡುವಿನ ವ್ಯತ್ಯಾಸವನ್ನು ಮರೆತಾಗ. ದೂರಿನಲ್ಲಿ ಮೂರು ಘಟನೆಗಳಿದ್ದು ಸಮಿತಿ ಎರಡನ್ನು ಮಾತ್ರ ಒಪ್ಪಿದ್ದರೆ, ಪತ್ರದಲ್ಲಿಯೂ ಎರಡೇ ಇರಬೇಕು. ಸಾಬೀತಾಗದ ಮೂರನೆಯದನ್ನು ಸೇರಿಸಿದರೆ ಮೇಲ್ಮನವಿಯಲ್ಲಿ ಇಡೀ ಪತ್ರವೇ ಅಲುಗಾಡುತ್ತದೆ. ನನ್ನ ಎರಡನೆಯ ಪತ್ರದಲ್ಲಿ ನಾನು ಹೀಗೆ ಬರೆದೆ: "ಜೂನ್ 12 ಮತ್ತು 19ರಂದು ಕೆಲಸದ ವೇಳೆಯಲ್ಲಿ, ಹೊಲಿಗೆ ನೋಡುವ ನೆಪದಲ್ಲಿ ತಾವು ಒಬ್ಬ ಮಹಿಳಾ ಸಿಬ್ಬಂದಿಯ ಹೆಗಲ ಮೇಲೆ ಕೈಯಿಟ್ಟಿದ್ದೀರಿ ಎಂದೂ, ಕೈ ತೆಗೆಯಿರಿ ಎಂದು ಅವರು ಹೇಳಿದ ಮೇಲೆಯೂ ತೆಗೆಯದೆ ಎಲ್ಲರೆದುರು ಅಶ್ಲೀಲವಾಗಿ ಮಾತನಾಡಿದ್ದೀರಿ ಎಂದೂ ಆಂತರಿಕ ಸಮಿತಿಯು ತೀರ್ಮಾನಿಸಿದೆ. ಇದು ನಮ್ಮ ಸೇವಾ ನಿಯಮಗಳ ಪ್ರಕಾರ ದುರ್ನಡತೆಯಾಗಿದೆ." ಇದನ್ನು ಓದಿದ ಮೇಲೆ ಪ್ರೊಡಕ್ಷನ್ ವಿಷಯ ಅಂದುಕೊಂಡಿದ್ದೆ ಎಂದು ಯಾರೂ ಹೇಳಲಾರರು.

ಆ ಸಾಲುಗಳಲ್ಲಿ ದೂರು ಕೊಟ್ಟವರ ಹೆಸರಿಲ್ಲ ಎಂಬುದನ್ನು ಗಮನಿಸಿ. ವರದಿಯ ಪ್ರತಿ ಸೂಪರ್‌ವೈಸರ್‌ಗೂ ಸಿಗುವುದರಿಂದ ಹೆಸರು ಅವರಿಗೆ ಗೊತ್ತೇ ಇರುತ್ತದೆ. ಆದರೆ ಪತ್ರ ವೈಯಕ್ತಿಕ ಕಡತಕ್ಕೆ ಸೇರುತ್ತದೆ, ಆ ಕಡತವನ್ನು ಸಂಬಳದ ಗುಮಾಸ್ತರಿಂದ ಹಿಡಿದು ಮುಂದೆ ಬರುವ ಅಧಿಕಾರಿಗಳವರೆಗೆ ಎಷ್ಟೋ ಜನ ತೆರೆಯುತ್ತಾರೆ. ಕಾಯ್ದೆಯ 16ನೇ ಕಲಮು ದೂರುದಾರರ, ಆಪಾದಿತರ ಮತ್ತು ಸಾಕ್ಷಿಗಳ ಗುರುತನ್ನೂ, ಕೈಗೊಂಡ ಕ್ರಮವನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಸಮಿತಿಯ ಕಡತದ ಸಂಖ್ಯೆಯನ್ನು ನಮೂದಿಸಿದರೆ ಸಾಕು. ಉಳಿದವರಿಗೆ ಪಾಠವಾಗಲಿ ಎಂದು ಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕಿಸುವ ಮ್ಯಾನೇಜರುಗಳನ್ನು ನಾನು ಕಂಡಿದ್ದೇನೆ, ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ.

ಮುಂದಿನ ನಡವಳಿಕೆಯ ಭಾಗಕ್ಕೆ ಹೆಚ್ಚು ಜಾಗ ಕೊಡಿ. "ಮಹಿಳೆಯರೊಂದಿಗೆ ಗೌರವದಿಂದ ವರ್ತಿಸತಕ್ಕದ್ದು" ಎಂದು ಬರೆದರೆ, ತಾನು ಗೌರವದಿಂದಲೇ ಇದ್ದೇನೆ ಎಂದು ಆತ ವಾದಿಸಬಹುದು. ಕಣ್ಣಿಗೆ ಕಾಣುವ, ಮಾಡಿದರೋ ಇಲ್ಲವೋ ಎಂದು ಬೇರೆಯವರು ಹೇಳಬಲ್ಲ ಮಾತುಗಳು ಬೇಕು: ಹೊಲಿಗೆ ನೋಡಬೇಕಾದರೆ ಪೀಸನ್ನು ಟೇಬಲಿನ ಮೇಲಿಡಿಸಿ ನೋಡುವುದು, ಯಾವ ಕಾರಣಕ್ಕೂ ಸಿಬ್ಬಂದಿಯ ಮೈ ಮುಟ್ಟದಿರುವುದು, ಕೆಲಸಕ್ಕೆ ಸಂಬಂಧವಿಲ್ಲದೆ ಅವರ ಫೋನಿಗೆ ಕರೆ ಅಥವಾ ಮೆಸೇಜ್ ಮಾಡದಿರುವುದು.

ಇದಕ್ಕಿಂತಲೂ ಮುಖ್ಯವಾದದ್ದು ಸೇಡು ತೀರಿಸಿಕೊಳ್ಳುವುದನ್ನು ತಡೆಯುವ ವಾಕ್ಯ. ಲೈನಿನಲ್ಲಿ ಸೇಡು ಬೈಗುಳದ ರೂಪದಲ್ಲಿ ಬರುವುದು ಕಡಿಮೆ. ಗಂಟೆಯ ಟಾರ್ಗೆಟ್ ಆಕೆಗೊಬ್ಬಳಿಗೇ ಏರುತ್ತದೆ, ರಜೆಯ ಚೀಟಿ ಎರಡು ದಿನ ಜೇಬಿನಲ್ಲೇ ಉಳಿಯುತ್ತದೆ, ಒಂದು ಬೆಳಿಗ್ಗೆ ಬಂದು ನೋಡಿದರೆ ಆಕೆಯ ಮಷೀನ್ ಮೇಲೆ ಇನ್ನೊಬ್ಬರು ಕುಳಿತಿದ್ದು, ಆಕೆಯನ್ನು ಹೆಲ್ಪರ್ ಕೆಲಸಕ್ಕೆ ಹಾಕಿರುತ್ತಾರೆ. ಇವೆಲ್ಲವನ್ನೂ ಹೆಸರಿಸಿ, "ದೂರು ನೀಡಿದವರ ಅಥವಾ ಸಾಕ್ಷಿ ಹೇಳಿದವರ ಟಾರ್ಗೆಟ್, ರಜೆ, ಓವರ್‌ಟೈಮ್, ಮಷೀನ್ ಬದಲಾವಣೆಗಳ ಬಗ್ಗೆ ತಾವು ಯಾವ ತೀರ್ಮಾನವನ್ನೂ ಕೈಗೊಳ್ಳತಕ್ಕದ್ದಲ್ಲ, ಅವುಗಳನ್ನು ಇನ್ನು ಮುಂದೆ ಫ್ಲೋರ್ ಇನ್‌ಚಾರ್ಜ್ ನೋಡಿಕೊಳ್ಳುತ್ತಾರೆ" ಎಂದು ಬರೆಯಿರಿ. ಬರೆಯುವ ಮೊದಲು ಆ ಜವಾಬ್ದಾರಿಯನ್ನು ನಿಜವಾಗಿಯೂ ಬದಲಿಸಿರಬೇಕು. ಲೈನ್ ಬದಲಿಸುವುದಾದರೆ ಸೂಪರ್‌ವೈಸರ್‌ನ ಲೈನನ್ನು ಬದಲಿಸಿ, ಆಕೆಯನ್ನು ಎಬ್ಬಿಸಬೇಡಿ.

ಪರಿಣಾಮದ ವಾಕ್ಯದಲ್ಲಿ ಕೋಪ ಬೇಡ. "ಮತ್ತೊಮ್ಮೆ ಹೀಗಾದರೆ ವಿಚಾರಣೆಯಿಲ್ಲದೆ ತಕ್ಷಣ ವಜಾ" ಎಂದು ಬರೆದರೆ ಕೇಳಲು ಗಟ್ಟಿಯೆನಿಸುತ್ತದೆ, ಆದರೆ ವಿಚಾರಣೆಗೆ ಮೊದಲೇ ತೀರ್ಪು ಬರೆದಿಟ್ಟಂತಾಗಿ ಮುಂದೆ ಅದು ನಿಮಗೇ ತಿರುಗುತ್ತದೆ. "ಇಂಥ ವರ್ತನೆ ಅಥವಾ ಮೇಲೆ ಹೇಳಿದ ಸೂಚನೆಗಳ ಉಲ್ಲಂಘನೆ ಮತ್ತೆ ನಡೆದಲ್ಲಿ ನಿಯಮಾನುಸಾರ ವಿಚಾರಣೆ ನಡೆಸಿ, ಸೇವೆಯಿಂದ ವಜಾಗೊಳಿಸುವವರೆಗೂ ಶಿಸ್ತುಕ್ರಮ ಕೈಗೊಳ್ಳಬಹುದಾಗಿದ್ದು, ಆಗ ಈ ಪತ್ರವನ್ನೂ ಪರಿಗಣಿಸಲಾಗುವುದು" ಎಂಬ ಒಂದೇ ವಾಕ್ಯ ಸಾಕು. ಶಿಫಾರಸಿನ ವಿರುದ್ಧ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಅವರಿಗಿದೆ ಎಂಬುದನ್ನೂ ಕೆಳಗೆ ತಿಳಿಸಿ. ಅವರ ಹಕ್ಕನ್ನು ನಾವೇ ಹೇಳುವುದರಿಂದ ಪತ್ರದ ತೂಕವೇನೂ ಕಡಿಮೆಯಾಗುವುದಿಲ್ಲ.

ಪತ್ರವನ್ನು ಫ್ಲೋರಿನಲ್ಲಿ ಕೊಡದೆ ಒಳಗಿನ ಕೋಣೆಗೆ ಕರೆಸಿ, ಇನ್ನೊಬ್ಬ ಅಧಿಕಾರಿಯ ಎದುರು ಓದಿ ಹೇಳಿ ಕೊಡಿ. ಸಹಿ ಮಾಡಿದರೆ ತಪ್ಪೊಪ್ಪಿಕೊಂಡಂತೆ ಎಂದು ಹೆದರಿ ಅನೇಕರು ನಿರಾಕರಿಸುತ್ತಾರೆ. ಆದ್ದರಿಂದ ಸಹಿಯ ಜಾಗದ ಮೇಲೆಯೇ "ಪತ್ರ ತಲುಪಿದ್ದಕ್ಕೆ ಮಾತ್ರ ಈ ಸಹಿ" ಎಂದು ಮುದ್ರಿಸಿರಿ. ಆದರೂ ಒಪ್ಪದಿದ್ದರೆ, ಓದಿ ಹೇಳಲಾಯಿತು, ಸಹಿಗೆ ನಿರಾಕರಿಸಿದರು ಎಂದು ಬರೆದು, ಅಲ್ಲಿದ್ದ ಇಬ್ಬರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಅವರ ಮನೆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ.

ಅದೇ ದಿನ ದೂರು ಕೊಟ್ಟವರನ್ನೂ ಬೇರೆಯಾಗಿ ಕರೆದು, ಶಿಫಾರಸಿನಂತೆ ಕ್ರಮವಾಗಿದೆ ಎಂದೂ, ಏನಾದರೂ ತೊಂದರೆಯಾದರೆ ಯಾರ ಬಳಿ ನೇರವಾಗಿ ಹೋಗಬೇಕು ಎಂದೂ ತಿಳಿಸಿ. ಮುಂದಿನ ಮೂರು ತಿಂಗಳು ಅವರ ಟಾರ್ಗೆಟ್ ಹಾಳೆಯನ್ನೂ ರಜೆಯ ಚೀಟಿಗಳನ್ನೂ ವಾರಕ್ಕೊಮ್ಮೆ ನೀವೇ ತರಿಸಿ ನೋಡಿ.