ಕೋಳಿ ಒಂದನ್ನೊಂದು ಕುಕ್ಕೋದು: ಹಡಪ್ಸರ್ ಕಡೆಯ ಶೆಡ್ಡಿನ ಪ್ರಶ್ನೆಗೆ ಉತ್ತರ

«ಸರ, ನಮ್ದು ಪುಣೆ ಹಡಪ್ಸರ್ ಹತ್ರ 10 ಬೈ 8 ಫೂಟಿನ ಶೆಡ್. 52 ಕಂದು ಲೇಯರ್, 23 ವಾರ ಆಗ್ಯಾವು. ಮೊದ್ಲು ಬಾಲದ ಪುಕ್ಕ ಕಿತ್ತಿದ್ವು, ಈಗ ತತ್ತಿ ಹಾಕೋ ಜಾಗದಾಗ ರಕ್ತ ಬರೂಹಂಗ ಕುಕ್ಕತಾವು, ಎರಡು ಸತ್ವು. ಫೀಡ್ ತುಟ್ಟಿ ಅಂತ ಲೇಯರ್ ಮ್ಯಾಶ್ ಅರ್ಧ, ಅಕ್ಕಿ ನುಚ್ಚು ಅರ್ಧ ಹಾಕ್ತೀನಿ. ಬೆಕ್ಕಿನ ಕಾಟಕ್ಕ ರಾತ್ರಿಯೆಲ್ಲ ಬಲ್ಬ್ ಇರ್ತದ. ಚುಂಚು ಕತ್ತರಿಸಲೇನು?»

ಚುಂಚಿಗೆ ಆಮೇಲೆ ಬರೋಣ. ಮೊದಲು ಇವತ್ತೇ ಗಾಯದ ಕೋಳಿಗಳನ್ನು ಹೊರಗೆ ತೆಗೀರಿ. ರಕ್ತ ಕಂಡರೆ ಸುಮ್ಮನಿದ್ದವೂ ಕುಕ್ಕೋಕೆ ಬರ್ತವೆ. ಗಾಯ ತೊಳೆದು ಬೇವಿನೆಣ್ಣೆ ಹಚ್ಚಿ, ಅದೇ ಶೆಡ್ಡಿನ ಮೂಲೆಯಲ್ಲಿ ಜಾಳಿಗೆ ಕಟ್ಟಿ ಉಳಿದವಕ್ಕೆ ಕಾಣುವ ಹಾಗೆ ಇಡಿ. ಬೇರೆ ಕೋಣೆಗೆ ಒಯ್ದರೆ ವಾಪಸ್ ಬಿಟ್ಟಾಗ ಹೊಸ ಕೋಳಿ ಅಂತ ಮತ್ತೆ ಹೊಡೀತವೆ. ಕರುಳು ಹೊರಗೆ ಬಂದದ್ದು ಬದುಕಲ್ಲ, ನರಳಿಸಬೇಡಿ.

ಇದೇ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಒಬ್ಬರು «ಉಪ್ಪು ಕಮ್ಮಿ, ನೀರಿಗೆ ಉಪ್ಪು ಹಾಕ್ರಿ» ಅಂದಿದ್ದಾರೆ. ಅರ್ಧ ಸರಿ. ನುಚ್ಚಿನಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಮ್ಯಾಶಿನಲ್ಲಿದ್ದದ್ದು ಅರ್ಧಕ್ಕೆ ಇಳಿದಿದೆ. ಆದರೆ ಇಳಿದದ್ದು ಉಪ್ಪೊಂದೇ ಅಲ್ಲ. ಮ್ಯಾಶಿನಲ್ಲಿ ಪ್ರೋಟೀನ್ ಸುಮಾರು 17%, ನುಚ್ಚಿನಲ್ಲಿ ಸುಮಾರು 8%, ಬೆರೆಸಿದರೆ 12.5%. ಅದೂ ತತ್ತಿ ಶುರುವಾಗುವ ಹೊತ್ತಿಗೆ. ಪುಕ್ಕ ಅಂದರೇ ಪ್ರೋಟೀನ್, ಅದಕ್ಕೆ ಮೆಥಿಯೋನಿನ್ ಅನ್ನೋ ಪ್ರೋಟೀನಿನ ಅಂಶ ಬೇಕು, ಅದೂ ಕಮ್ಮಿಯಾಗಿದೆ. ಕ್ಯಾಲ್ಸಿಯಂ 3.5% ಇದ್ದದ್ದು 2%ಗಿಂತ ಕೆಳಗೆ. ನೀರಿಗೆ ಕೈಯಂದಾಜಿನಲ್ಲಿ ಉಪ್ಪು ಸುರಿದರೆ ಹಿಕ್ಕೆ ನೀರಾಗಿ ಹಾಸು ಒದ್ದೆಯಾಗುತ್ತೆ, ಹೆಚ್ಚಾದರೆ ಕೋಳಿಯೇ ಸಾಯುತ್ತೆ. ಪೂರ್ತಿ ಲೇಯರ್ ಮ್ಯಾಶಿಗೆ ವಾಪಸ್ ಬನ್ನಿ, ಉಪ್ಪಿನ ಲೆಕ್ಕ ಅದರೊಳಗೇ ಇದೆ. ಕೋಳಿಗೆ ದಿನಕ್ಕೆ 110 ಗ್ರಾಂ ಅಂದ್ರೆ, ಉಳಿದ 50ಕ್ಕೆ ಐದೂವರೆ ಕೆಜಿ. ಎರಡು ಮೂರು ದಿನದಲ್ಲಿ ನುಚ್ಚು ಇಳಿಸುತ್ತಾ ಬಂದು ನಿಲ್ಲಿಸಿ.

ಆಹಾರದ ಕೊರತೆ ಇದೆಯೋ ಅಂತ ನೀವೇ ನೋಡಬಹುದು: ಹಾಸಿನ ಮೇಲೆ ಉದುರಿದ ಸಣ್ಣ ಪುಕ್ಕ ಹುಡುಕಿ. 50 ಕೋಳಿ ಇರುವಲ್ಲಿ ಅಲ್ಲಲ್ಲಿ ಬಿದ್ದಿರಲೇಬೇಕು. ಒಂದೂ ಕಾಣದಿದ್ದರೆ ಅವನ್ನು ತಿಂದಿವೆ ಅಂತ ಅರ್ಥ. ಅದರ ಜೊತೆ ರಾತ್ರಿ ಟಾರ್ಚ್ ಹಿಡಿದು ಗುದದ ಸುತ್ತಲ ಪುಕ್ಕ ಬಿಡಿಸಿ ಹೇನು, ಉಣ್ಣಿ ಇವೆಯೇ ನೋಡಿ. ಬಾಲದ ಬುಡದಿಂದ ಶುರುವಾಗೋದು ಎಷ್ಟೋ ಸಲ ಆ ಕಡಿತದಿಂದಲೇ. ನಿಮ್ಮಲ್ಲಿ ಯಾವುದು ಮೊದಲೋ ಇಲ್ಲಿ ಕೂತು ಹೇಳೋಕಾಗಲ್ಲ.

ಈಗ ಬೆಳಕು. ನನ್ನ ಪ್ರಕಾರ ಆ ಎರಡು ಕೋಳಿಯ ಜೀವ ತೆಗೆದದ್ದು ಇದೇ. ತತ್ತಿ ಹಾಕಿದ ಮೇಲೆ ಒಳಗಿನ ಕೆಂಪು ಪೊರೆ ಸ್ವಲ್ಪ ಹೊತ್ತು ಹೊರಗೆ ಹೊಳೀತಿರುತ್ತೆ, ಆಮೇಲೆ ಒಳಗೆ ಹೋಗುತ್ತೆ. ಕತ್ತಲ ಗೂಡಲ್ಲಿ ಹಾಕಿದರೆ ಯಾರಿಗೂ ಕಾಣಲ್ಲ. ಬೆಳಕಿರುವ ನೆಲದ ಮೇಲೆ ಹಾಕಿದರೆ ಹಿಂದಿನ ಕೋಳಿ ಅದನ್ನೇ ಕುಕ್ಕುತ್ತೆ. ಆದ್ದರಿಂದ ರಾತ್ರಿಯ ಬಲ್ಬ್ ತೆಗೀರಿ, ಬೆಕ್ಕಿಗೆ ಜಾಳಿಗೆ ಭದ್ರ ಮಾಡಿ. ಹಗಲು ಸೇರಿ ಒಟ್ಟು 16 ಗಂಟೆ ಬೆಳಕು ಸಾಕು, ಅದೂ ಮಂದ ಕೆಂಪು ಬಲ್ಬ್. ಸಂಜೆಯ ಬಿಸಿಲು ತಗಡಿನ ಸಂದಿಯಿಂದ ಪಟ್ಟೆಪಟ್ಟೆಯಾಗಿ ಬೀಳುತ್ತಿದ್ದರೆ ಗೋಣಿತಟ್ಟು ಕಟ್ಟಿ. ಐದು ಕೋಳಿಗೆ ಒಂದರಂತೆ ಹತ್ತು ಗೂಡು ಮಾಡಿ, ಅಡಿ ಅಗಲ ಅಡಿ ಆಳ ಸಾಕು, ಬಾಯಿಗೆ ಸೀಳಿದ ಗೋಣಿಯ ಪರದೆ ಇರಲಿ.

ಜಾಗದ ಲೆಕ್ಕ: 80 ಚದರಡಿಯಲ್ಲಿ ತಲೆಗೆ 2 ಅಡಿಯಂತೆ 40 ಕೋಳಿ. ಹತ್ತು ಹೆಚ್ಚಿವೆ. ಮಾರೋಕೆ ಮನಸ್ಸಿಲ್ಲದಿದ್ದರೆ ಪಕ್ಕದಲ್ಲಿ ಜಾಳಿಗೆಯ ಓಟದ ಜಾಗ ಕಟ್ಟಿ. ಕೂರುವ ಅಡ್ಡಗೋಲು ಇದ್ದರೆ ಎತ್ತರ ನೋಡಿ. ಒಂದು, ಒಂದೂವರೆ ಅಡಿಯಲ್ಲಿ ಕಟ್ಟಿದರೆ ಮೇಲೆ ಕೂತದ್ದರ ಹಿಂಭಾಗ ಕೆಳಗೆ ನಿಂತದ್ದರ ಚುಂಚಿಗೆ ಸರಿಯಾಗಿ ಸಿಗುತ್ತೆ. ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಏರಿಸಿ. ಇಲ್ಲಿ ಲಸೂಣ್ ಘಾಸ್ ಅಂತ ಸಿಗುವ ಕುದುರೆಮಸಾಲೆಯ ಪೆಂಡಿಯನ್ನು ತಲೆಯ ಎತ್ತರಕ್ಕೆ ನೇತುಹಾಕಿದರೆ ಎಳೆದೆಳೆದು ಹೊತ್ತು ಕಳೀತವೆ.

ಗುಂಪಿನಲ್ಲಿ ಗೋವಾದ ಅಣ್ಣ ಒಬ್ಬರು ಹೇಳಿದ್ದು ಕೋಳಿ ತನ್ನ ತತ್ತಿ ತಾನೇ ಕುಡಿಯೋ ವಿಚಾರ, ಅದು ಬೇರೆ. ಗೂಡಿನ ಕತ್ತಲು ಮಾತ್ರ ಅದಕ್ಕೂ ಆಗುತ್ತೆ.

ಚುಂಚು ಕತ್ತರಿಸಬೇಕು, ಬೇಡ ಅಂತ ಗುಂಪಿನಲ್ಲಿ ಎರಡು ಮಾತಿದೆ, ಇರಲಿ. ಮರಿಗೆ ಹತ್ತು ದಿನದೊಳಗೆ ಮಾಡೋದು ಬೇರೆ. 23 ವಾರದ್ದಕ್ಕೆ ಕತ್ತರಿಸಿದರೆ ಒಳಗೆ ಜೀವ ಇರುವ ಭಾಗ ತಾಗಿ ರಕ್ತ ಬರುತ್ತೆ, ಮೇವು ಬಿಡುತ್ತೆ, ತತ್ತಿಯೂ ನಿಲ್ಲಬಹುದು. ಅದಕ್ಕಿಂತ ಒಂದು ಮಧ್ಯಾಹ್ನ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಶುರು ಮಾಡೋದು ಎಷ್ಟೋ ಸಲ ಒಂದೋ ಎರಡೋ, ಅವುಗಳ ಮೈಮೇಲೆ ಪುಕ್ಕ ಪೂರ್ತಿ ಇರುತ್ತೆ. ಅವನ್ನು ಹಿಡಿದು ಬೇರೆ ಇಡಿ. ಗಾಯ ಮಾಗಿದವನ್ನು ಕತ್ತಲಾದ ಮೇಲೆ, ಎರಡೆರಡು ಒಟ್ಟಿಗೆ ಒಳಗೆ ಬಿಡಿ.